ಡೀಸೆಲ್ ಮುಗಿದ ರಾತ್ರಿಯ ವಾಲಿವಧೆ

ಉತ್ತರ ಕನ್ನಡದಲ್ಲಿ ಕಾಲೇಜಿನ ವಾರ್ಷಿಕೋತ್ಸವಕ್ಕೆ ಆಮಂತ್ರಣ ಪತ್ರಿಕೆಯಲ್ಲಿ ಏನೇ ಹೆಸರಿದ್ದರೂ ಬಾಯಲ್ಲಿ ಅದು ‘ಗ್ಯಾದರಿಂಗ್’. ಶಿರಸಿ ಸೀಮೆಯ ನಮ್ಮ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಗ್ಯಾದರಿಂಗಿನ ಬೆಳಕಿನ ಉಸ್ತುವಾರಿ ನನ್ನ ಪಾಲಿಗೆ ಬಂತು. ಭೌತಶಾಸ್ತ್ರ ಓದುವವನಿಗೆ ಫ್ಯೂಸು ಕಟ್ಟಲು ಬಂದೇ ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿ. ನನಗೆ ಬರುತ್ತಿರಲಿಲ್ಲ. ಆದರೆ ಬೆಳಕಿನ ಫಲಕದ ಹಿಂದೆ ಕುಳಿತವನು ವೇದಿಕೆ ಹತ್ತಬೇಕಾಗಿಲ್ಲ ಎಂಬುದು ಗೊತ್ತಿದ್ದರಿಂದ ಸಂತೋಷದಿಂದ ಒಪ್ಪಿಕೊಂಡಿದ್ದೆ. ನಾಲ್ಕು ಜನರ ಎದುರು ನಿಂತರೆ ನಾಲಿಗೆ ಒಣಗುವ ಜಾತಿ ನನ್ನದು.

ಮಾರ್ಚ್ ಕೊನೆಯ ವಾರ. ಮೈದಾನದಲ್ಲಿ ನಾಲ್ಕಡಿ ಎತ್ತರದ ವೇದಿಕೆ, ಅದರ ಎದುರು ಐದಾರು ನೂರು ಕುರ್ಚಿಗಳು, ಎಲ್ಲಕ್ಕಿಂತ ಹಿಂದೆ ಎರಡು ಬೆಂಚು ಜೋಡಿಸಿ ಅದರ ಮೇಲೆ ನನ್ನ ಫಲಕ. ಫಲಕದಲ್ಲಿ ಆರು ಜಾರುಗುಂಡಿಗಳು, ಒಂದೊಂದಕ್ಕೂ ಸಾವಿರ ವಾಟ್‌ನ ಒಂದೊಂದು ದೀಪ. ಗುಂಡಿಯನ್ನು ಮೇಲಕ್ಕೆ ತಳ್ಳಿದರೆ ಬೆಳಕು ಏರುತ್ತದೆ, ಕೆಳಕ್ಕೆ ಎಳೆದರೆ ಆರುತ್ತದೆ. ಅಷ್ಟೇ ವಿದ್ಯೆ. ವೇದಿಕೆಯ ದೀಪಗಳೂ ಧ್ವನಿವರ್ಧಕಗಳೂ ಬಾಡಿಗೆಗೆ ತಂದ ಜನರೇಟರಿನ ಮೇಲಿದ್ದವು. ಮೈದಾನದ ಟ್ಯೂಬ್‌ಲೈಟುಗಳು, ತಿಂಡಿಯ ಅಂಗಡಿಗಳು, ಕಟ್ಟಡ, ಇವೆಲ್ಲ ಊರಿನ ಲೈನಿನ ಮೇಲೆ.

ಎಂಟು ಗಂಟೆ ದಾಟುತ್ತಿದ್ದಂತೆ ಘಟ್ಟದ ಕಡೆ ಮಿಂಚು ಶುರುವಾಯಿತು. ನಮ್ಮಲ್ಲಿ ಒಂದು ಹನಿಯೂ ಬೀಳಲಿಲ್ಲ, ಗಾಳಿ ಮಾತ್ರ ತಣ್ಣಗಾಯಿತು. ಸ್ವಲ್ಪ ಹೊತ್ತಿಗೆ ಮೈದಾನದ ದೀಪಗಳು ಹೋದವು. ಒಂದೆರಡು ನಿಮಿಷ ಬಿಟ್ಟು ಕಣ್ಣು ಮಿಟುಕಿಸುವಷ್ಟು ಹೊತ್ತು ಬಂದವು, ಮತ್ತೆ ಹೋದವು. ಇನ್ನೊಂದು ಸಲ ಹಾಗೆಯೇ ಆಯಿತು. ಕಾಡಿನ ನಡುವೆ ಲೈನು ಹಾದುಬರುವ ಊರುಗಳಲ್ಲಿ ಬೆಳೆದವರಿಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಹೋದದ್ದು ಹೋಗಿಯೇ ಬಿಟ್ಟರೆ ಯಾರೋ ಉದ್ದೇಶಪೂರ್ವಕವಾಗಿ ತೆಗೆದಿರಬಹುದು, ಮತ್ತೆ ಹಾಕಿಯಾರು. ಹೀಗೆ ಬಂದು ಬಂದು ಹೋದರೆ ಎಲ್ಲೋ ತಂತಿಯ ಮೇಲೆ ಕೊಂಬೆ ಬಿದ್ದಿದೆ, ಹಾಕಿ ನೋಡಿದಾಗಲೆಲ್ಲ ಬೀಳುತ್ತಿದೆ ಎಂದು ತಿಳಿಯಬೇಕು. ಲೈನ್‌ಮನ್ ಟಾರ್ಚು ಹಿಡಿದು ಕಂಬದಿಂದ ಕಂಬಕ್ಕೆ ನಡೆದು ಆ ಕೊಂಬೆಯನ್ನು ಹುಡುಕಿ ಕಡಿಯುವವರೆಗೆ ಆ ರಾತ್ರಿಗೆ ಕರೆಂಟಿಲ್ಲ.

ನಮಗೇನು, ಜನರೇಟರ್ ಇತ್ತು. ಕತ್ತಲಾದದ್ದಕ್ಕೆ ಹುಡುಗರು ಸಿಳ್ಳೆ ಹೊಡೆದರು, ನೃತ್ಯ ನಡೆಯುತ್ತಲೇ ಇತ್ತು. ಅಷ್ಟರಲ್ಲಿ ತಿಂಡಿ ಅಂಗಡಿಯವರು ಒಂದು ವೈರನ್ನು ಎಳೆದು ತಂದು ಜನರೇಟರಿಗೆ ಸಿಕ್ಕಿಸಿದರು. ಒಂಬತ್ತಕ್ಕೆ ಇನ್ನೂ ಕಾಲು ಗಂಟೆ ಇರುವಾಗ ವೇದಿಕೆಯ ಬೆಳಕು ಉಸಿರಾಡತೊಡಗಿತು. ಕುಗ್ಗುವುದು, ಹಿಗ್ಗುವುದು, ಮತ್ತೆ ಕುಗ್ಗುವುದು. ಅದರ ಜೊತೆಗೇ ಜನರೇಟರಿನ ಸದ್ದೂ ಏರಿಳಿಯುತ್ತಿತ್ತು. ಹೊರೆ ಹೆಚ್ಚಾಯಿತೆಂದು ನಾನು ಎರಡು ದೀಪ ಆರಿಸಿದೆ. ಪ್ರಯೋಜನವಾಗಲಿಲ್ಲ, ಮತ್ತೆ ಹಚ್ಚಿದೆ. ಹೊರೆ ಹೆಚ್ಚಾದರೆ ಇಂಜಿನ್ ಒಂದೇ ಸಮನೆ ನರಳುತ್ತದೆ, ಕಪ್ಪು ಹೊಗೆ ಉಗುಳುತ್ತದೆ. ಹೀಗೆ ಬಿಕ್ಕಳಿಸುವುದು ಹೊಟ್ಟೆಗಿಲ್ಲದಾಗ. ಅದು ನನಗೆ ತಿಳಿದದ್ದು ಆಮೇಲೆ, ಜನರೇಟರಿನ ಮುದುಕಪ್ಪ ಹೇಳಿದ ಮೇಲೆ. ಧ್ವನಿ ಪರೀಕ್ಷೆಗೆಂದು ಮಧ್ಯಾಹ್ನ ಮೂರೂ ಮುಕ್ಕಾಲಿಗೇ ಚಾಲೂ ಮಾಡಿಸಿದ್ದೆವು. ಗಂಟೆಗೆ ನಾಲ್ಕು ಲೀಟರಿನಂತೆ ಕುಡಿಯುವ ಇಂಜಿನ್ನು, ಹಾಕಿದ್ದು ಇಪ್ಪತ್ತು ಲೀಟರಿನ ಒಂದು ಕ್ಯಾನು. ಲೆಕ್ಕ ಮೂರನೆಯ ತರಗತಿಯದು. ಇಡೀ ಸಮಿತಿಯಲ್ಲಿ ಯಾರೂ ಮಾಡಿರಲಿಲ್ಲ.

ಡೀಸೆಲ್ ತರಲು ಬೈಕು ಓಡಿತು. ಆದರೆ ಡೀಸೆಲ್ ಇಂಜಿನ್ನು ಒಮ್ಮೆ ಪೂರ್ತಿ ಬರಿದಾದರೆ ಎಣ್ಣೆ ಹೊಯ್ದ ಕೂಡಲೇ ಏಳುವುದಿಲ್ಲ. ಖಾಲಿಯಾದ ಕೊಳವೆಯೊಳಗೆ ಗಾಳಿ ಸೇರಿರುತ್ತದೆ. ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತುತ್ತಾ, ನೊರೆ ನೊರೆಯಾಗಿ ಬರುವ ಡೀಸೆಲ್ಲು ಗುಳ್ಳೆಯಿಲ್ಲದೆ ಬರುವವರೆಗೆ ಕಾಯಬೇಕು. ಮುದುಕಪ್ಪನಿಗೆ ಅದು ಗೊತ್ತಿತ್ತು. ಆದರೆ ಅವನು ಅಲ್ಲಿಗೆ ಬರುವ ಮೊದಲೇ ನಮ್ಮ ಸಮಿತಿಯ ವೀರನೊಬ್ಬ ಗುಂಡಿ ಒತ್ತಿ ಒತ್ತಿ ಬ್ಯಾಟರಿಯ ಅರ್ಧ ಪ್ರಾಣ ತೆಗೆದಿದ್ದ. ಈ ಬ್ಯಾಟರಿಯನ್ನು ನೆನಪಿಡಿ.

ಕತ್ತಲಲ್ಲಿ ಐನೂರು ಹುಡುಗ ಹುಡುಗಿಯರು. ಮೊದಲು ಯಾರೋ ಮೊಬೈಲಿನಲ್ಲಿ ಹಾಡು ಹಾಕಿ ಕುಣಿದರು, ಮೂರನೆಯ ಸಾಲಿನವರಿಗೆ ಕೇಳಿಸಲಿಲ್ಲ. ಎರಡು ಬೈಕುಗಳನ್ನು ತಂದು ವೇದಿಕೆಗೆ ಬೆಳಕು ಬಿಟ್ಟರು. ಇಂಜಿನ್ನಿನ ಸದ್ದಿಗೆ ಹಾಡುವವಳ ಸ್ವರ ಮುಳುಗಿತು, ಬೆಳಕಿಗೆ ಅವಳ ಕಣ್ಣು ಕುಕ್ಕಿ ಅವಳು ಕೆಳಗಿಳಿದು ಹೋದಳು. ಕುರ್ಚಿ ಎಳೆದಾಡುವ ಸದ್ದು ಶುರುವಾಯಿತು. ಪ್ರಾಂಶುಪಾಲರು ಗಡಿಯಾರ ನೋಡಿಕೊಂಡರು. ‘ಹೆಣ್ಣುಮಕ್ಕಳಿದ್ದಾರೆ, ಮುಗಿಸಿಬಿಡೋಣ’ ಎಂಬ ಮಾತು ಅವರ ಬಾಯಿಯ ತುದಿಗೆ ಬಂದಿರುವುದು ಕತ್ತಲಲ್ಲೂ ಕಾಣುತ್ತಿತ್ತು.

ವೇದಿಕೆಯ ಪಕ್ಕದ ಮಾವಿನ ಮರದ ಕೆಳಗೆ ‘ಫ್ಯೂಷನ್’ ತಂಡ ಕುಳಿತಿತ್ತು. ಕೀಬೋರ್ಡಿನ ಜೊತೆಗೆ ಚಂಡೆ, ಮದ್ದಳೆ, ಭಾಗವತಿಕೆ ಎಲ್ಲ ಸೇರಿಸಿ ಏನೋ ಮಾಡುವವರಿದ್ದರು. ಕೀಬೋರ್ಡು ಸತ್ತಿತ್ತು, ಉಳಿದವು ಸತ್ತಿರಲಿಲ್ಲ. ಬಿ.ಕಾಂ. ಕೊನೆಯ ವರ್ಷದ ಒಬ್ಬ ಹುಡುಗ ಅಲ್ಲಿಗೆ ಬಂದು ನಿಂತ. ತಾಳಮದ್ದಳೆಯ ಸ್ಪರ್ಧೆಗಳಿಗೆಂದು ಊರೂರು ತಿರುಗುವವನು.

‘ತಾಳಮದ್ದಳೆ ಮಾಡೋಣ. ಅದಕ್ಕೆ ಕರೆಂಟು ಯಾವ ಕಾಲದಲ್ಲಿ ಬೇಕಾಗಿತ್ತು?’ ಎಂದ.

ಗೊತ್ತಿಲ್ಲದವರಿಗೆ ಎರಡು ಮಾತು. ತಾಳಮದ್ದಳೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಎದುರು ಬದುರು ಕುಳಿತ ಅರ್ಥಧಾರಿಗಳು ಆ ಪದ್ಯಕ್ಕೆ ತಮ್ಮ ಪಾತ್ರದ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಪದ್ಯ ಬರೆದಿಟ್ಟದ್ದು, ಮಾತು ಆ ಕ್ಷಣದ್ದು. ಎದುರಾಳಿ ಏನು ಕೇಳುತ್ತಾನೆಂಬುದು ಮುಂಚೆ ತಿಳಿದಿರುವುದಿಲ್ಲ. ಕಥೆಯ ಕೊನೆ ಎಲ್ಲರಿಗೂ ಗೊತ್ತು, ಅಲ್ಲಿಗೆ ಯಾವ ದಾರಿಯಲ್ಲಿ ಹೋಗುತ್ತಾರೆಂಬುದು ಯಾರಿಗೂ ಗೊತ್ತಿಲ್ಲ.

‘ಯಾವ ಪ್ರಸಂಗದ ಪದ್ಯ ಬಾಯಿಪಾಠವಿದೆ?’ ಎಂದು ಭಾಗವತಿಕೆಯ ಹುಡುಗಿಯನ್ನು ಕೇಳಿದೆವು. ಮೊದಲ ವರ್ಷದವಳು, ಕಲಿಯಲು ತೊಡಗಿ ಎರಡು ವರ್ಷವಾಗಿತ್ತು. ‘ವಾಲಿವಧೆ ಪೂರ್ತಿ ಬರುತ್ತದೆ. ಉಳಿದದ್ದು ಪುಸ್ತಕ ನೋಡಬೇಕು’ ಎಂದಳು. ಕತ್ತಲಲ್ಲಿ ಪುಸ್ತಕ ಎಲ್ಲಿಂದ? ವಾಲಿವಧೆಯೇ ಆಯಿತು. ಬಿ.ಕಾಂ. ಹುಡುಗ ವಾಲಿ. ಸುಗ್ರೀವನಿಗೆ ಯಾರೂ ಇಲ್ಲದೆ ಕಾರ್ಯಕ್ರಮದ ನಿರೂಪಕಿಯನ್ನೇ ಕೂರಿಸಿದೆವು. ‘ಅಣ್ಣ ಓಡಿಸಿದ್ದಾನೆ, ಹೆಂಡತಿಯನ್ನು ಇಟ್ಟುಕೊಂಡಿದ್ದಾನೆ, ರಾಮ ಬೆನ್ನಿಗಿದ್ದಾನೆ, ಆದರೂ ಭಯ. ಇಷ್ಟು ಸಾಕು’ ಎಂದು ವಾಲಿ ಅವಳಿಗೆ ಪಾತ್ರ ಕಟ್ಟಿಕೊಟ್ಟ. ನಂತರ ನನ್ನ ಕಡೆ ತಿರುಗಿದ.

‘ನಿನ್ನ ಅಜ್ಜ ಅರ್ಥಧಾರಿಯಲ್ಲವೇ? ನೀನು ರಾಮ.’

‘ಅಜ್ಜ ಹೇಳುತ್ತಿದ್ದರು ಮಾರಾಯ, ನಾನು ಅವರ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದೆ.’

‘ನಿದ್ದೆಯಲ್ಲಿ ಕೇಳಿದ್ದೇ ಸಾಕು. ಸುಗ್ರೀವನ ಕರೆಯಿಂದ ಶುರು ಮಾಡುತ್ತೇವೆ. ರಾಮನಿಗೆ ಬಾಣ ಬಿಟ್ಟ ಮೇಲೆಯೇ ಮಾತು. ನಿನಗೆ ಅರ್ಧ ಗಂಟೆ ಇದೆ.’

ಮಾತು ಮುಂದುವರಿಸಲು ಅವನು ಬಿಡಲಿಲ್ಲ. ಚಂಡೆಯ ಹುಡುಗ ಮೈದಾನದ ನಡುವೆ ನಿಂತು ಎರಡು ಕೋಲಿನಿಂದ ಒಂದೇ ಉಸಿರಿಗೆ ಬಾರಿಸಿದ. ಮಳೆಗಾಲಕ್ಕೆ ಮುಂಚಿನ ರಾತ್ರಿಗಳಲ್ಲಿ ಎರಡು ಗುಡ್ಡದಾಚೆಯ ಆಟದ ಚಂಡೆ ನಮ್ಮ ಮನೆಯ ಜಗಲಿಗೆ ಕೇಳುತ್ತದೆ. ಹತ್ತು ಮಾರಿನಲ್ಲಿ ಅದು ಕಿವಿಗಲ್ಲ, ಹೊಟ್ಟೆಗೆ ಬಡಿಯುತ್ತದೆ. ಗದ್ದಲ ಒಮ್ಮೆಲೇ ನಿಂತಿತು.

ಅದು ನಿಂತ ಮೇಲೆ ನನಗೆ ಒಂದು ವಿಷಯ ಗೊತ್ತಾಯಿತು. ಜನರೇಟರಿನ ಗುಡುಗು, ಧ್ವನಿವರ್ಧಕದ ಗುಂಯ್‌ಗುಡುವಿಕೆ, ತಿಂಡಿ ಅಂಗಡಿಯ ಮಿಕ್ಸರು, ಇವ್ಯಾವೂ ಇಲ್ಲದ ಮೈದಾನದಲ್ಲಿ ಬರಿಯ ಗಂಟಲು ನಾವೆಣಿಸಿದ್ದಕ್ಕಿಂತ ಬಹಳ ದೂರ ಹೋಗುತ್ತದೆ. ಆದರೂ ಐದು ನೂರು ಜನಕ್ಕೆ ಮುಟ್ಟಬೇಕಾದರೆ ಜನ ಹತ್ತಿರ ಬರಬೇಕು. ವೇದಿಕೆಯನ್ನು ಬಿಟ್ಟು ಅದರ ಮುಂದಿನ ನೆಲದ ಮೇಲೇ ಜಮಖಾನೆ ಹಾಸಿದರು. ಮುಂದಿನ ಕುರ್ಚಿಗಳನ್ನು ತೆಗೆಸಿ ಎಲ್ಲರನ್ನೂ ಮೂರೂ ಕಡೆಯಿಂದ ನೆಲದಲ್ಲಿ ಕೂರಿಸಿದರು. ಸಂಜೆ ಉದ್ಘಾಟನೆಗೆ ಹಚ್ಚಿದ ಕಾಲುದೀಪದಲ್ಲಿ ಎಣ್ಣೆ ಉಳಿದಿತ್ತು. ಅದನ್ನು ತಂದು ನಡುವೆ ಇಟ್ಟು ಐದು ಬತ್ತಿಯನ್ನೂ ಹೊತ್ತಿಸಿದರು. ಮೊಬೈಲ್ ಟಾರ್ಚುಗಳನ್ನು ಆರಿಸಿ ಎಂದು ನಿರೂಪಕಿ ಒಂದು ಸಲ ಗದರಿದಳು. ಟಾರ್ಚಿನ ಬೆಳಕು ಮುಖವನ್ನು ಚಪ್ಪಟೆ ಮಾಡುತ್ತದೆ, ದೀಪದ ಬೆಳಕು ಹಾಗಲ್ಲ, ಹುಬ್ಬು ಏರಿದರೂ ಹಣೆಯ ಮೇಲೆ ನೆರಳು ಓಡುತ್ತದೆ. ವರ್ಷವಿಡೀ ಆರು ಸಾವಿರ ವಾಟಿನ ಲೆಕ್ಕ ಹಾಕಿದ ನನಗೆ ಇದು ಸ್ವಲ್ಪ ಅವಮಾನದ ವಿಷಯವೇ.

ಶ್ರುತಿಪೆಟ್ಟಿಗೆ ಕರೆಂಟಿನದಾಗಿತ್ತು. ಭಾಗವತಿಕೆಯ ಹುಡುಗಿ ಮೊಬೈಲಿನಲ್ಲಿ ತನ್ನ ಬಿಳಿ ಐದರ ಶ್ರುತಿ ಹಾಕಿ ಅದನ್ನು ಖಾಲಿ ಸ್ಟೀಲ್ ಬಕೆಟಿನೊಳಗೆ ಇಟ್ಟಳು. ಬಕೆಟ್ಟು ಹಾಡತೊಡಗಿತು. ಮದ್ದಳೆಯನ್ನು ಫ್ಯೂಷನ್ನಿಗೆಂದು ಅವಳ ಶ್ರುತಿಗೇ ಕೂಡಿಸಿಟ್ಟದ್ದು ಪುಣ್ಯ. ಅಂಚಿಗೆ ಬಡಿದು ಅರ್ಧ ಮನೆ ಏರಿಸಬಹುದು, ಇಳಿಸಬಹುದು, ಬೇರೆ ಶ್ರುತಿಯದಾಗಿದ್ದರೆ ಆ ರಾತ್ರಿಗೆ ಅದು ಬರಿಯ ಮರ.

ನಾನು ಹಿಂದಕ್ಕೆ, ನನ್ನ ಫಲಕದ ಬಳಿ ಹೋದೆ. ಓಡಿಹೋದೆ ಎಂದರೂ ತಪ್ಪಿಲ್ಲ, ಆದರೆ ಕೆಲಸವೂ ಇತ್ತು. ಜಾರುಗುಂಡಿಗಳು ಮೇಲಿದ್ದಾಗಲೇ ಕರೆಂಟು ಹೋದರೆ, ಮರಳಿ ಬರುವಾಗ ಎಲ್ಲ ದೀಪಗಳಿಗೂ ಒಮ್ಮೆಲೇ ನುಗ್ಗುತ್ತದೆ. ತಣ್ಣಗಾದ ತಂತು ಆಗ ಹೆಚ್ಚು ಕರೆಂಟು ಎಳೆಯುತ್ತದೆ, ಬಲ್ಬು ಸುಡಬಹುದು, ಫ್ಯೂಸು ಹೋಗಬಹುದು. ಹಾಗಾಗಿ ಒಂದೊಂದನ್ನೇ ಇಳಿಸಿಡಬೇಕು. ಧ್ವನಿವರ್ಧಕಗಳನ್ನು ಮೊದಲು ಆರಿಸಿದೆ, ಕತ್ತಲಲ್ಲಿ ಸ್ವಿಚ್ಚುಗಳನ್ನು ತಡವಿ ಹುಡುಕುವುದಕ್ಕೇ ಬಹಳ ಹೊತ್ತು ಹಿಡಿಯಿತು. ಬಾಯಲ್ಲಿ ರಾಮನ ಮಾತು ಮಣಮಣಿಸುತ್ತಾ, ಒಂದನೆಯದು ಇಳಿಸಿದೆ, ಎರಡನೆಯದು ಇಳಿಸಿದೆ.

ಅತ್ತ ಕೂಟ ಕಳೆಗಟ್ಟಿತ್ತು. ನಿರೂಪಕಿ ಸುಗ್ರೀವ ಅಭ್ಯಾಸಬಲದಿಂದ ‘ಈಗ ನಿಮ್ಮ ಮುಂದೆ ಯುದ್ಧಕ್ಕೆ ಬರುತ್ತಿದ್ದೇನೆ’ ಎಂದಾಗ ಜನ ನಕ್ಕರು. ವಾಲಿ ನಗಲಿಲ್ಲ. ‘ತಮ್ಮಾ, ಯುದ್ಧಕ್ಕೆ ಬರುವವನು ಪ್ರಕಟಣೆ ಹೊರಡಿಸುವುದಿಲ್ಲ. ನಿನ್ನ ಧೈರ್ಯ ನಿನ್ನದಲ್ಲ, ಯಾರದೋ ಕಡ ತಂದದ್ದು’ ಎಂದ. ನಗು ತಟ್ಟನೆ ನಿಂತು ಕಥೆ ಬಿಗಿಯಾಯಿತು. ಅಲ್ಲಿಂದ ಮುಂದೆ ಅವಳೂ ತಪ್ಪಲಿಲ್ಲ. ಚಂಡೆ ಯುದ್ಧದ ಗತಿಗೆ ಏರಿತು. ನಾನು ಐದನೆಯ ಗುಂಡಿ ಇಳಿಸುತ್ತಿದ್ದಾಗ ಚಂಡೆ ಕಡಿದಂತೆ ನಿಂತಿತು. ಬಾಣ ಬಿದ್ದಿತ್ತು.

‘ಎದೆಗೆ ನಾಟಿದ ಬಾಣದ ಗರಿಯನ್ನು ಮುಟ್ಟಿ ನೋಡುತ್ತಿದ್ದೇನೆ,’ ವಾಲಿಯ ಧ್ವನಿ ಸಣ್ಣದಾಗಿತ್ತು. ‘ಇದು ತಮ್ಮನದಲ್ಲ. ಅವನ ಎರಡೂ ಕೈಗಳು ನನ್ನ ಕೊರಳಿನ ಮೇಲಿದ್ದವು. ಹಾಗಾದರೆ ಯಾರದು?’

ಭಾಗವತಿಕೆಯ ಹುಡುಗಿ ಪದ್ಯ ಎತ್ತಿ ಮುಗಿಸಿದಳು. ಅರ್ಥ ಹೇಳಬೇಕಾದ ರಾಮನ ಜಾಗ ದೀಪದ ಎದುರು ಖಾಲಿ ಬಿದ್ದಿತ್ತು. ನನಗೂ ಅದಕ್ಕೂ ನಡುವೆ ಕಾಲಿಡಲು ಜಾಗವಿಲ್ಲದಂತೆ ಕುಳಿತ ಐನೂರು ಬೆನ್ನುಗಳು. ಬೇರೆ ದಾರಿ ಕಾಣದೆ ನಿಂತಲ್ಲಿಂದಲೇ ಕೂಗಿದೆ.

‘ವಾಲೀ, ನಾನು ಇಲ್ಲಿದ್ದೇನೆ.’

ಐನೂರು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು. ನಾನು ಅವರಿಗೆ ಕಾಣುತ್ತಿರಲಿಲ್ಲ. ದೀಪದ ಪಕ್ಕದಲ್ಲಿದ್ದ ವಾಲಿಗಂತೂ ನನ್ನ ಕಡೆ ಬರಿಯ ಕಪ್ಪು. ಅವನು ಆ ಅವಕಾಶ ಬಿಡುವವನಲ್ಲ.

‘ಇಲ್ಲಿ ಎಂದರೆ ಎಲ್ಲಿ, ರಾಮ? ಮರದ ಮರೆ ಸಾಲದೆ ನನ್ನ ಕಿಷ್ಕಿಂಧೆಯ ಮಕ್ಕಳ ಬೆನ್ನ ಮರೆಯೂ ಬೇಕಾಯಿತೇ ನಿನಗೆ?’

ನಾನು ತಡವಾಗಿ ಬಂದದ್ದು ಹೀಗೆ ಪ್ರಸಂಗದೊಳಗಿನ ಸಂಗತಿಯಾಯಿತು. ಅಡಗಿ ಹೊಡೆದ ರಾಮ ಅಡಗಿಕೊಂಡೇ ಮಾತಾಡುತ್ತಿದ್ದ. ವಿಚಿತ್ರವೆಂದರೆ ನನ್ನ ನಾಲಿಗೆ ಒಣಗಲಿಲ್ಲ. ಯಾರೂ ನೋಡದಿದ್ದರೆ ನನಗೂ ಮಾತು ಬರುತ್ತದೆಂದು ಆಗ ಗೊತ್ತಾಯಿತು. ಅಜ್ಜ ಹೇಳುತ್ತಿದ್ದದ್ದು ಎಲ್ಲಿಂದಲೋ ಬಂತು. ಈ ಭೂಮಿ ಇಕ್ಷ್ವಾಕುಗಳದ್ದು, ಭರತ ಆಳುತ್ತಿದ್ದಾನೆ, ಅವನ ಪರವಾಗಿ ದಂಡಿಸುವ ಅಧಿಕಾರ ನನಗಿದೆ. ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡವನಿಗೆ ಮರಣವೇ ದಂಡ.

‘ದಂಡನೆಯಾದರೆ ಎದುರು ನಿಲ್ಲಿಸಿ ವಿಚಾರಿಸಬೇಕಿತ್ತು. ಬೇರೊಬ್ಬನೊಡನೆ ಸೆಣಸುತ್ತಿದ್ದವನಿಗೆ ಮರೆಯಿಂದ ಹೊಡೆಯುವುದು ಯಾವ ನ್ಯಾಯಸ್ಥಾನದ ಕ್ರಮ?’

‘ನೀನು ಶಾಖಾಮೃಗ. ಮೃಗವನ್ನು ಮರೆಯಿಂದ ಹೊಡೆಯುವುದು ಕ್ಷತ್ರಿಯನ ಬೇಟೆಯ ಕ್ರಮ,’ ಎಂದೆ. ಹೇಳಿ ಮುಗಿಸುವಾಗಲೇ ಅನಿಸಿತು, ಹೆಜ್ಜೆ ತಪ್ಪಿತು.

ವಾಲಿ ಅವಸರ ಮಾಡಲಿಲ್ಲ. ದೀಪದ ಬತ್ತಿಯೊಂದನ್ನು ಬೆರಳಿನಿಂದ ಮುಂದಕ್ಕೆ ದೂಡಿದ. ‘ಒಳ್ಳೆಯದು. ಮೃಗಕ್ಕೆ ತಮ್ಮನ ಹೆಂಡತಿ, ಅಣ್ಣನ ಹೆಂಡತಿ ಎಂಬ ಧರ್ಮವಿಲ್ಲ. ಧರ್ಮ ಮೀರಿದ್ದಕ್ಕೆ ದಂಡ ಎನ್ನುವುದಾದರೆ ನಾನು ಮನುಷ್ಯನಿಗೆ ಸಮ, ಮರೆಯಿಂದ ಹೊಡೆಯುವಂತಿಲ್ಲ. ಬೇಟೆ ಎನ್ನುವುದಾದರೆ ನಾನು ಮೃಗ, ತಪ್ಪೇ ಇಲ್ಲ. ಎರಡರಲ್ಲಿ ಒಂದನ್ನು ಹೇಳು ರಾಮ. ನಾನು ಸಾಯುವ ಮೊದಲು ಹೇಳು.’

ಈ ಇಕ್ಕಟ್ಟು ತಾಳಮದ್ದಳೆಯಲ್ಲಿ ಹಳೆಯದು. ಬಲ್ಲ ಅರ್ಥಧಾರಿಗಳು ಇದನ್ನು ದೂರದಿಂದಲೇ ಕಂಡು ಬಳಸಿ ಹೋಗುತ್ತಾರೆ. ನಾನು ನೇರ ಒಳಗೆ ನಡೆದಿದ್ದೆ. ಮೈದಾನ ನಿಶ್ಶಬ್ದ. ಬಕೆಟಿನೊಳಗಿನ ಶ್ರುತಿ ಮಾತ್ರ ಕೇಳುತ್ತಿತ್ತು.

ಅಷ್ಟರಲ್ಲಿ ಯಾರೋ ಭುಜ ಮುಟ್ಟಿದರು. ಡೀಸೆಲ್ಲಿನ ವಾಸನೆ. ಜನರೇಟರಿನ ಮುದುಕಪ್ಪ ಕಿವಿಯಲ್ಲಿ ಪಿಸುಗುಟ್ಟಿದ. ‘ತಮ್ಮಾ, ಗಾಳಿ ಪೂರ್ತಿ ಹೋಯಿತು. ಚಾಲೂ ಮಾಡಲೇ?’

ಬೇಡ ಎನ್ನಬೇಕಿತ್ತು. ಕೂಟ ಅಷ್ಟು ಚೆನ್ನಾಗಿ ಏರಿತ್ತು. ಆದರೆ ಉತ್ತರವಿಲ್ಲದೆ ನಿಂತವನಿಗೆ ಬೆಳಕು, ಗದ್ದಲ, ಚಪ್ಪಾಳೆ, ಏನು ಬಂದರೂ ಸಾಕಿತ್ತು. ನಾನು ‘ಹೂಂ’ ಎಂದೆ. ಅವನು ಓಡಿಹೋಗಿ ಗುಂಡಿ ಒತ್ತಿದ. ಇಂಜಿನ್ನು ಒಂದು ಸಲ ‘ಊಂ’ ಎಂದು ನರಳಿತು, ಆಮೇಲೆ ಟಕ್, ಟಕ್ ಎಂಬ ಸದ್ದು. ಬ್ಯಾಟರಿ ಸತ್ತಿತ್ತು.

ಟಕ್ ಎಂಬುದು ಇಡೀ ಮೈದಾನಕ್ಕೆ ಕೇಳಿಸಿತು. ವಾಲಿ ತಲೆ ಎತ್ತಿದ.

‘ಉತ್ತರ ಕೇಳಿದರೆ ಇನ್ನೊಂದು ಬಾಣ ಹೂಡುತ್ತಿದ್ದೀಯಾ?’

ಜನ ಕೂಗಿದ ಕೂಗಿಗೆ ಮಾವಿನ ಮರದ ಹಕ್ಕಿಗಳು ಎದ್ದವು. ಆ ಗದ್ದಲ ಇಳಿಯುವ ಮೊದಲೇ ಭಾಗವತಿಕೆಯ ಹುಡುಗಿ ತಾಳ ಹಿಡಿದು ಮುಂದಿನ ಪದ್ಯ ಎತ್ತಿಬಿಟ್ಟಳು. ಅರ್ಥಧಾರಿ ಸಿಕ್ಕಿಬಿದ್ದಾಗ ಕೈಹಿಡಿಯುವುದು ಭಾಗವತರ ಕೆಲಸ. ಅರ್ಥಧಾರಿಗಳ ಲಗಾಮು ಇರುವುದು ಅವರ ಕೈಯಲ್ಲಿ. ಆದರೆ ಎರಡು ವರ್ಷ ಕಲಿತವಳಿಗೆ ಅದು ಇಷ್ಟು ಬೇಗ ಹೊಳೆದದ್ದಕ್ಕೆ ನಾನು ಇಂದಿಗೂ ಋಣಿ. ಪದ್ಯವನ್ನು ಅವಳು ಉದ್ದಕ್ಕೆ ಎಳೆದು ಹಾಡಿದಳು, ನಾನು ಚಪ್ಪಲಿ ಬಿಟ್ಟು, ಬೆನ್ನುಗಳ ನಡುವೆ ಹೆಜ್ಜೆ ಹುಡುಕುತ್ತಾ, ದೀಪದವರೆಗೆ ಬರುವಷ್ಟು ಉದ್ದಕ್ಕೆ.

ಅಲ್ಲಿ ಕುಳಿತ ಮೇಲೆ ನನಗೆ ಹೆಚ್ಚು ಕೆಲಸವಿರಲಿಲ್ಲ. ವಾಲಿಯೇ ಇಳಿಸಿಕೊಂಡು ಹೋದ. ಮೊದಲ ಸಾಲಿನಲ್ಲಿ ಬಾಯಿ ತೆರೆದು ಕುಳಿತಿದ್ದ ಪಿಯುಸಿಯ ಹುಡುಗನೊಬ್ಬನ ಕೈ ಹಿಡಿದು ನನ್ನ ಕೈಯಲ್ಲಿಟ್ಟು, ‘ಅಂಗದ ಇನ್ನೂ ಚಿಕ್ಕವನು. ಇವನನ್ನಾದರೂ ಎದುರು ಕೂರಿಸಿಕೊಂಡು ಮಾತಾಡಿಸು’ ಎಂದ. ಹುಡುಗನ ಕೈ ಬೆವರಿತ್ತು. ನನ್ನದೂ.

ಮಂಗಳ ಹಾಡಿ ಮುಗಿಸುವಾಗ ಹತ್ತೂ ಮುಕ್ಕಾಲು. ಪ್ರಾಂಶುಪಾಲರು ಗಡಿಯಾರ ನೋಡಿದ್ದು ಆಮೇಲೆಯೇ. ಜನ ಚದುರುತ್ತಿದ್ದಾಗ ವಾಲಿಯ ಪಕ್ಕ ಕುಳಿತು ಕೇಳಿದೆ.

‘ಆ ಪ್ರಶ್ನೆಗೆ ಉತ್ತರ ಏನು?’

‘ನನಗೇನು ಗೊತ್ತು? ನಾನು ಯಾವಾಗಲೂ ವಾಲಿಯನ್ನೇ ಮಾಡುವುದು,’ ಎಂದು ಅವನು ಬಕೆಟಿನಿಂದ ಮೊಬೈಲು ತೆಗೆದು ಅವಳಿಗೆ ಕೊಟ್ಟ. ಎರಡು ಶೇಕಡಾ ಚಾರ್ಜು ಉಳಿದಿತ್ತು.

ಹನ್ನೊಂದಕ್ಕೆ ಯಾರದೋ ಜೀಪಿನ ಬ್ಯಾಟರಿಯಿಂದ ವೈರು ಎಳೆದು ಮುದುಕಪ್ಪ ಜನರೇಟರನ್ನು ಎಬ್ಬಿಸಿದ. ಐದು ಗುಂಡಿ ಇಳಿಸಿದ್ದೆನಲ್ಲ, ಆರನೆಯದು ಮೇಲೆಯೇ ಉಳಿದಿತ್ತು. ನಾಲ್ಕಡಿ ಎತ್ತರದ ವೇದಿಕೆಯ ಮೇಲೆ, ಯಾರೂ ಕಾಲಿಡದ ಎಡಮೂಲೆಯಲ್ಲಿ, ಸಾವಿರ ವಾಟಿನ ಒಂದು ದೀಪ ಹೊತ್ತಿಕೊಂಡಿತು. ಕೆಳಗೆ ಜಮಖಾನೆ ಮಡಚುತ್ತಿದ್ದವರು ಕಣ್ಣಿಗೆ ಕೈ ಅಡ್ಡ ಹಿಡಿದರು.

‘ಆರಿಸೋ ಮಾರಾಯ,’ ಎಂದಿತು ಕತ್ತಲೊಳಗಿಂದ ಸುಗ್ರೀವನ ಧ್ವನಿ.